ಹನ್ನೆರಡು ನೋಟ್‌ಬುಕ್‌ಗಳ ಲೆಕ್ಕ

ಟ್ಯೂಷನ್ ಶುರುಮಾಡಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಕೋಣೆ ಹುಡುಕುತ್ತಾರೆ. ಕೋಣೆ ಸಿಕ್ಕಮೇಲೆ ಬೋರ್ಡು, ಬೆಂಚು, ಗೇಟಿಗೊಂದು ಫ್ಲೆಕ್ಸು. ಆಮೇಲೆ ಹಿಂದಿನ ಬೀದಿಯವರು ಎಷ್ಟು ತಗೊಳ್ತಾರೆ ಅಂತ ವಿಚಾರಿಸಿ, ಅದಕ್ಕಿಂತ ನೂರು ರೂಪಾಯಿ ಕಡಿಮೆ ಹೇಳುತ್ತಾರೆ. ಒಂದು ಬ್ಯಾಚಿಗೆ ಎಷ್ಟು ಮಕ್ಕಳು ಎನ್ನುವುದನ್ನು ಮಾತ್ರ ಯಾರೂ ಕೂತು ತೀರ್ಮಾನಿಸುವುದಿಲ್ಲ. ಬಂದಷ್ಟು ಜನ ಸೇರಿದರೆ ಅದೇ ಬ್ಯಾಚು.

ಈ ಕ್ರಮವನ್ನು ತಿರುವಿಹಾಕಿದರೆ ಉಳಿದ ಲೆಕ್ಕಗಳೆಲ್ಲ ತಾವಾಗಿ ಸರಿಹೋಗುತ್ತವೆ. ಒಬ್ಬ ಶಿಕ್ಷಕಿ ಒಂದು ತರಗತಿಯಲ್ಲಿ ಎಷ್ಟು ನೋಟ್‌ಬುಕ್‌ಗಳನ್ನು ನಿಜವಾಗಿ ನೋಡಬಲ್ಲಳು ಎಂಬುದು ಮೊದಲನೆಯ ಪ್ರಶ್ನೆ. ಕೋಣೆ ಎಷ್ಟು ದೊಡ್ಡದಿರಬೇಕು, ಫೀಸು ಎಷ್ಟು, ತಂದೆತಾಯಿಗೆ ಏನು ಹೇಳಬಹುದು, ಇವು ಮೂರೂ ಅದರ ಉತ್ತರದಿಂದಲೇ ಹುಟ್ಟುತ್ತವೆ. ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ತಿಪಟೂರಿನಂಥ ಒಂದು ತಾಲ್ಲೂಕು ಕೇಂದ್ರ. ಗಣಿತದಲ್ಲಿ ಎಂ.ಎಸ್ಸಿ. ಮಾಡಿದ ಒಬ್ಬರು ಎಂಟು, ಒಂಬತ್ತು, ಹತ್ತನೇ ತರಗತಿಯವರಿಗೆ ಗಣಿತವೊಂದನ್ನೇ ಹೇಳಿಕೊಡುತ್ತಾರೆ. ವಾರಕ್ಕೆ ಐದು ದಿನ, ಒಂದೊಂದು ಬ್ಯಾಚಿಗೆ ಎಪ್ಪತ್ತೈದು ನಿಮಿಷ.

ಬ್ಯಾಚು: ನಿಮಿಷಗಳ ಲೆಕ್ಕ

ಎಪ್ಪತ್ತೈದು ನಿಮಿಷದಲ್ಲಿ ನಿನ್ನೆ ಕೊಟ್ಟ ಲೆಕ್ಕಗಳನ್ನು ನೋಡಿ ಸಂದೇಹ ಬಿಡಿಸಲು ಹದಿನೈದು ನಿಮಿಷ ಬೇಕು. ಹೊಸ ವಿಷಯವನ್ನು ಬೋರ್ಡಿನ ಮೇಲೆ ವಿವರಿಸಲು ಇಪ್ಪತ್ತೈದು. ಉಳಿಯುವುದು ಮೂವತ್ತೈದು. ಮಕ್ಕಳು ತಾವೇ ಲೆಕ್ಕ ಮಾಡುವ, ಶಿಕ್ಷಕಿ ಅವರ ಹೆಗಲ ಹಿಂದೆ ನಿಂತು ನೋಡುವ ಹೊತ್ತು ಇದು. ಬೋರ್ಡಿನ ಮೇಲಿನ ವಿವರಣೆ ಶಾಲೆಯಲ್ಲೂ ಸಿಗುತ್ತದೆ. ಟ್ಯೂಷನ್ನಿಗೆ ದುಡ್ಡು ಕೊಡುವುದು ಈ ಮೂವತ್ತೈದು ನಿಮಿಷಕ್ಕೆ.

ಹನ್ನೆರಡು ಮಕ್ಕಳಿದ್ದರೆ ಒಬ್ಬೊಬ್ಬರಿಗೆ ಹೆಚ್ಚುಕಡಿಮೆ ಮೂರು ನಿಮಿಷ ಬರುತ್ತದೆ. ಅಷ್ಟರಲ್ಲಿ ಒಂದು ಲೆಕ್ಕವನ್ನು ಸಾಲುಸಾಲಾಗಿ ಓದಿ, ಮೂರನೆಯ ಸಾಲಿನಲ್ಲಿ ಋಣ ಚಿಹ್ನೆ ಬಿಟ್ಟುಹೋದದ್ದನ್ನು ಬೆರಳಿಟ್ಟು ತೋರಿಸಬಹುದು. ಇಪ್ಪತ್ತು ಮಕ್ಕಳಾದರೆ ಒಂದೂಮುಕ್ಕಾಲು ನಿಮಿಷ. ಆಗ ಕೊನೆಯ ಉತ್ತರ ನೋಡಿ ಸರಿ ಅಥವಾ ತಪ್ಪು ಎಂದು ಗುರುತು ಹಾಕಲಷ್ಟೇ ಆದೀತು. ಎಸ್ಸೆಸ್ಸೆಲ್ಸಿ ಗಣಿತದ 80 ಅಂಕಗಳ ಲಿಖಿತ ಪರೀಕ್ಷೆಯಲ್ಲಿ ದೊಡ್ಡ ಪ್ರಶ್ನೆಗಳಿಗೆ ಹಂತಹಂತವಾಗಿ ಅಂಕ ಕೊಡುತ್ತಾರೆ. ಆದ್ದರಿಂದ ಹಂತ ನೋಡದ ಟ್ಯೂಷನ್ನು ಅಂಕ ಎಲ್ಲಿ ಹೋಗುತ್ತಿದೆ ಎಂಬುದನ್ನೇ ನೋಡಿದಂತಾಗಲಿಲ್ಲ.

ಬ್ಯಾಚು ಕೈಮೀರಿದೆ ಎಂದು ತಿಳಿಯಲು ಪರೀಕ್ಷೆಯ ಫಲಿತಾಂಶದವರೆಗೆ ಕಾಯಬೇಕಿಲ್ಲ. ಅಕ್ಕಪಕ್ಕದ ಎರಡು ನೋಟ್‌ಬುಕ್‌ಗಳಲ್ಲಿ ಒಂದೇ ತಪ್ಪು ಒಂದೇ ಸಾಲಿನಲ್ಲಿ ಕಾಣಿಸಿಕೊಳ್ಳತೊಡಗಿದರೆ ಮಕ್ಕಳು ನಕಲು ಮಾಡಿಕೊಳ್ಳುತ್ತಿದ್ದಾರೆ, ನೀವು ಅಲ್ಲಿಗೆ ತಲುಪುತ್ತಿಲ್ಲ ಎಂದರ್ಥ. ಹಿಂದಿನ ಸಾಲಿನವರು ಸಂದೇಹ ಕೇಳುವುದನ್ನೇ ನಿಲ್ಲಿಸಿದರೆ ಅದೂ ಒಂದು ಸೂಚನೆ. ರಾತ್ರಿ ಊಟಕ್ಕೆ ಕೂತಾಗ, ಇವತ್ತು ಯಾರು ಬಂದಿರಲಿಲ್ಲ ಎಂದು ಹಾಜರಿ ಪುಸ್ತಕ ನೋಡದೆ ಹೇಳಲಾಗದಿದ್ದರಂತೂ ಸಂಶಯವೇ ಬೇಡ.

ಸಂಖ್ಯೆಯಷ್ಟೇ ಮುಖ್ಯವಾದದ್ದು ಬ್ಯಾಚಿನ ಒಳಗಿನ ಹದ. ಹತ್ತನೇ ತರಗತಿಗೆ ಬಂದ ಎಲ್ಲರೂ ಗಣಿತದಲ್ಲಿ ಹತ್ತನೇ ತರಗತಿಯಲ್ಲೇ ಇರುವುದಿಲ್ಲ. ಸೇರುವ ದಿನವೇ ಇಪ್ಪತ್ತು ನಿಮಿಷದ ಒಂದು ಚಿಕ್ಕ ಪರೀಕ್ಷೆ ಕೊಡಿ. ಪ್ರಶ್ನೆಗಳು ಏಳನೇ ತರಗತಿ ಮಟ್ಟದವಿರಲಿ: ಭಿನ್ನರಾಶಿಗಳ ಸಂಕಲನ, ಋಣ ಸಂಖ್ಯೆಗಳ ವ್ಯವಕಲನ, ದಶಮಾಂಶದ ಭಾಗಾಕಾರ, ಒಂದು ಸರಳ ಸಮೀಕರಣ. ಯಾರನ್ನೂ ವಾಪಸ್ಸು ಕಳಿಸಲು ಈ ಪರೀಕ್ಷೆಯಲ್ಲ. ಹನ್ನೆರಡರಲ್ಲಿ ಮೂವರಿಗೆ ಭಿನ್ನರಾಶಿಯೇ ಬರುವುದಿಲ್ಲ ಎಂದು ಜೂನ್‌ನಲ್ಲೇ ಗೊತ್ತಾದರೆ ಅವರಿಗೆ ಶನಿವಾರ ಒಂದು ಗಂಟೆ ಬೇರೆ ಕೂರಿಸಬಹುದು. ಜನವರಿಯಲ್ಲಿ ಗೊತ್ತಾದರೆ ಮಾಡಲು ಏನೂ ಉಳಿದಿರುವುದಿಲ್ಲ. ಆ ಉತ್ತರಪತ್ರಿಕೆಯನ್ನು ದಿನಾಂಕ ಬರೆದು ಫೈಲಿನಲ್ಲಿ ಇಟ್ಟುಕೊಳ್ಳಿ. ಮುಂದೆ ತಂದೆತಾಯಿಯ ಜೊತೆ ಮಾತಾಡುವಾಗ ಅದು ಬೇಕಾಗುತ್ತದೆ.

ರಾಜ್ಯ ಪಠ್ಯಕ್ರಮದವರನ್ನೂ ಸಿಬಿಎಸ್‌ಇಯವರನ್ನೂ ಒಟ್ಟಿಗೆ ಕೂರಿಸಬಹುದೇ? ಎಸ್ಸೆಸ್ಸೆಲ್ಸಿ ಗಣಿತಕ್ಕೆ ರಾಜ್ಯವೂ ಎನ್‌ಸಿಇಆರ್‌ಟಿ ಪಠ್ಯವನ್ನೇ ಅಳವಡಿಸಿಕೊಂಡಿರುವುದರಿಂದ ವಿಷಯದಲ್ಲಿ ತೊಡಕು ಕಡಿಮೆ. ತೊಡಕಿರುವುದು ವೇಳೆಯಲ್ಲಿ. ಒಂದು ಶಾಲೆಯಲ್ಲಿ ಸಮಾಂತರ ಶ್ರೇಢಿ ಮುಗಿದಿರುತ್ತದೆ, ಇನ್ನೊಂದರಲ್ಲಿ ಶುರುವೇ ಆಗಿರುವುದಿಲ್ಲ, ಕಿರುಪರೀಕ್ಷೆಗಳ ದಿನವೂ ಬೇರೆ. ಹನ್ನೆರಡು ಮಕ್ಕಳು ಎರಡು ಶಾಲೆಯಿಂದ ಬಂದಿದ್ದರೆ ನಿಭಾಯಿಸಬಹುದು. ಐದು ಶಾಲೆಯಿಂದ ಬಂದರೆ ವಾರವಾರವೂ ಯಾರದೋ ಒಬ್ಬರ ಪರೀಕ್ಷೆಗೆ ಪಾಠ ನಿಲ್ಲುತ್ತದೆ. ಕನ್ನಡ, ಇಂಗ್ಲಿಷ್ ಮಾಧ್ಯಮಗಳು ಬೆರೆತಿದ್ದರೆ ಬೋರ್ಡಿನ ಮೇಲೆ ‘ವರ್ಗ ಸಮೀಕರಣ’ದ ಪಕ್ಕದಲ್ಲೇ ‘ಕ್ವಾಡ್ರಾಟಿಕ್ ಈಕ್ವೇಷನ್’ ಎಂದೂ ಬರೆಯುವ ಅಭ್ಯಾಸ ಮಾಡಿಕೊಂಡರೆ ಸಾಕು.

ಕೋಣೆ: ಹೆಗಲವರೆಗೆ ದಾರಿ

ಈಗ ಕೋಣೆಯ ಅಳತೆ ತಾನಾಗಿ ಸಿಗುತ್ತದೆ. ಹನ್ನೆರಡು ಮಕ್ಕಳಿಗೆ ಇಬ್ಬರು ಕೂರುವ ಆರು ಡೆಸ್ಕು-ಬೆಂಚು ಬೇಕು. ಮಧ್ಯೆ ಓಡಾಡಲು ಜಾಗ ಬಿಟ್ಟು ಅತ್ತ ಮೂರು, ಇತ್ತ ಮೂರು. ಒಂದು ಡೆಸ್ಕು ಮೂರೂವರೆ ಅಡಿ ಅಗಲವೆಂದರೆ ಎರಡಕ್ಕೆ ಏಳು ಅಡಿ, ನಡುದಾರಿ ಎರಡೂವರೆ ಅಡಿ, ಗೋಡೆಯ ಕಡೆ ಒಂದೊಂದು ಅಡಿ. ಹನ್ನೆರಡು ಅಡಿ ಅಗಲದೊಳಗೆ ಮುಗಿಯಿತು. ಒಂದು ಸಾಲಿಗೆ ಡೆಸ್ಕು-ಬೆಂಚು ಸೇರಿ ಮೂರು ಅಡಿಯಂತೆ ಮೂರು ಸಾಲಿಗೆ ಒಂಬತ್ತು ಅಡಿ, ಬೋರ್ಡಿನ ಮುಂದೆ ನಿಲ್ಲಲು ನಾಲ್ಕು ಅಡಿ. ಹದಿನಾಲ್ಕು ಅಡಿ ಉದ್ದ ಸಾಕು. ಅಂದರೆ 12×14 ಅಡಿಯ ಒಂದು ಸಾಧಾರಣ ಹಾಲು.

ಇದೇ ಕೋಣೆಯಲ್ಲಿ ಒತ್ತೊತ್ತಾಗಿ ಇಪ್ಪತ್ತು ಮಕ್ಕಳನ್ನು ಕೂರಿಸಲೂಬಹುದು. ಕೇಂದ್ರ ಶಿಕ್ಷಣ ಸಚಿವಾಲಯ 2024ರಲ್ಲಿ ಕೋಚಿಂಗ್ ಕೇಂದ್ರಗಳಿಗೆಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಒಬ್ಬ ವಿದ್ಯಾರ್ಥಿಗೆ ಕನಿಷ್ಠ ಒಂದು ಚದರ ಮೀಟರ್, ಅಂದರೆ ಸುಮಾರು ಹನ್ನೊಂದು ಚದರ ಅಡಿ ಎಂದಿದೆ. ಆ ಲೆಕ್ಕಕ್ಕೆ ಈ 168 ಚದರ ಅಡಿಯಲ್ಲಿ ಹದಿನೈದು ಮಕ್ಕಳು ಹಿಡಿಸುತ್ತಾರೆ. ಆದರೆ ಮೊದಲು ಮಾಯವಾಗುವುದು ಆ ನಡುದಾರಿ. ದಾರಿ ಹೋದಮೇಲೆ ಶಿಕ್ಷಕಿ ಬೋರ್ಡಿನ ಹತ್ತಿರವೇ ಉಳಿಯುತ್ತಾಳೆ, ಮೂರನೆಯ ಸಾಲಿನ ಋಣ ಚಿಹ್ನೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಕೋಣೆ ನೋಡಲು ಹೋಗುವಾಗ ಹಗಲಲ್ಲಿ ಅಲ್ಲ, ಸಂಜೆ ಏಳಕ್ಕೆ ಹೋಗಿ. ದೀಪ ಎಲ್ಲಿದೆ, ಬೋರ್ಡು ಹಾಕಬೇಕಾದ ಗೋಡೆ ಮಬ್ಬಾಗಿದೆಯೇ, ಪಕ್ಕದ ಮನೆಯ ಟೀವಿ ಎಷ್ಟು ಕೇಳಿಸುತ್ತದೆ, ಬೀದಿದೀಪ ಉರಿಯುತ್ತದೆಯೇ ಎಂಬುದೆಲ್ಲ ಆಗಲೇ ಗೊತ್ತಾಗುವುದು. ಬಿಳಿ ಬೋರ್ಡಾದರೆ ಕಿಟಕಿಯ ಎದುರಿಗೆ ಹಾಕಬೇಡಿ; ಹೊಳಪು ಹೊಡೆದು ಒಂದು ಮೂಲೆಯವರಿಗೆ ಅರ್ಧ ಬೋರ್ಡು ಕಾಣುವುದಿಲ್ಲ. ಕರೆಂಟು ಹೋಗುವುದು ಸಂಜೆಯ ಹೊತ್ತಿಗೇ ಆದ್ದರಿಂದ ಚಿಕ್ಕದೊಂದು ಯುಪಿಎಸ್ ಇರಲಿ. ಹೆಣ್ಣುಮಕ್ಕಳು ಬಳಸಬಹುದಾದ ಶೌಚಾಲಯ ಇಲ್ಲದ ಕೋಣೆಯನ್ನು ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಬಿಟ್ಟುಬಿಡಿ. ಜಮಖಾನದ ಮೇಲೆ ಕೂರಿಸಿ ಡೆಸ್ಕಿನ ಖರ್ಚು ಉಳಿಸುವುದು ಐದನೇ ತರಗತಿಯವರಿಗೆ ನಡೆದೀತು. ಹತ್ತನೆಯವರು ಎಪ್ಪತ್ತೈದು ನಿಮಿಷ ಬಗ್ಗಿ ಬರೆದರೆ ಅರ್ಧ ಹೊತ್ತು ಬೆನ್ನು ನೆಟ್ಟಗೆ ಮಾಡಿಕೊಳ್ಳುವುದರಲ್ಲೇ ಹೋಗುತ್ತದೆ.

ಮನೆ ಮಾಲೀಕರಿಗೆ ‘ಟ್ಯೂಷನ್ನಿಗೆ’ ಎಂದು ಮೊದಲೇ ಹೇಳಿ, ಬಾಡಿಗೆ ಕರಾರಿನಲ್ಲೂ ಬರೆಸಿ. ಜಗಳ ಬರುವುದು ಹೆಚ್ಚಾಗಿ ಪಾಠದಿಂದಲ್ಲ, ಗೇಟಿನ ಮುಂದೆ ನಿಲ್ಲುವ ಸೈಕಲ್ಲು, ಸ್ಕೂಟರುಗಳಿಂದ. ಒಂದು ಬ್ಯಾಚು ಬಿಡುವಾಗಲೇ ಇನ್ನೊಂದು ಬಂದರೆ ಇಪ್ಪತ್ತನಾಲ್ಕು ಮಕ್ಕಳು, ಅರ್ಧ ಡಜನ್ ಅಪ್ಪಂದಿರು ಒಮ್ಮೆಗೇ ಬೀದಿಯಲ್ಲಿರುತ್ತಾರೆ. ನಡುವೆ ಕಾಲು ಗಂಟೆ ಬಿಡುವು ಇಟ್ಟರೆ ಅಕ್ಕಪಕ್ಕದವರಿಗೆ ನೆಮ್ಮದಿ. ನಮ್ಮ ಉದಾಹರಣೆಯಲ್ಲಿ ಎಂಟನೆಯವರಿಗೆ ಸಂಜೆ 5.15ರಿಂದ 6.30, ಒಂಬತ್ತನೆಯವರಿಗೆ 6.45ರಿಂದ 8. ಹತ್ತನೆಯವರಿಗೆ ಬೆಳಿಗ್ಗೆ 6.30ರಿಂದ 7.45. ಅವರಿಗೆ ಶಾಲೆಯಲ್ಲೇ ಸಂಜೆ ವಿಶೇಷ ತರಗತಿ ಶುರುವಾದರೆ ಸಂಜೆಯ ಬ್ಯಾಚು ಅಲ್ಲಾಡಿಬಿಡುತ್ತದೆ. ಬೆಳಗಿನದಕ್ಕೆ ಆ ತೊಂದರೆಯಿಲ್ಲ.

ಫೀಸು: ಹತ್ತು ತಿಂಗಳ ದುಡಿಮೆ, ಹನ್ನೆರಡು ತಿಂಗಳ ಬಾಡಿಗೆ

ಮಕ್ಕಳು ಫೀಸು ಕೊಡುವುದು ಜೂನ್‌ನಿಂದ ಮಾರ್ಚ್‌ವರೆಗೆ ಹತ್ತು ತಿಂಗಳು. ಬಾಡಿಗೆ ಕೊಡಬೇಕಾದದ್ದು ಹನ್ನೆರಡು ತಿಂಗಳು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಆದ್ದರಿಂದ ತಿಂಗಳ ಲೆಕ್ಕ ಬಿಟ್ಟು ವರ್ಷದ ಲೆಕ್ಕ ಹಾಕೋಣ.

ಬಾಡಿಗೆ ತಿಂಗಳಿಗೆ 6,000 ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ 72,000. ಕರೆಂಟು, ಇಂಟರ್ನೆಟ್ಟಿಗೆ ತಿಂಗಳಿಗೆ 1,200ರಂತೆ 14,400. ಗುಡಿಸಿ ಒರೆಸುವವರಿಗೆ 800ರಂತೆ 9,600. ಪ್ರಶ್ನೆಪತ್ರಿಕೆಯ ಜೆರಾಕ್ಸು, ಮಾರ್ಕರಿಗೆ ಹತ್ತು ತಿಂಗಳಿಗೆ 15,000. ಡೆಸ್ಕು, ಬೋರ್ಡು, ಯುಪಿಎಸ್ ಎಲ್ಲ ಸೇರಿ ಆರಂಭದ ಖರ್ಚು 45,000 ಆಗಿದ್ದರೆ ಅದನ್ನು ಮೂರು ವರ್ಷಕ್ಕೆ ಹಂಚಿ, ವರ್ಷಕ್ಕೆ 15,000. ಒಟ್ಟು 1,26,000. ಶಿಕ್ಷಕಿಗೆ ತಿಂಗಳಿಗೆ 20,000 ಉಳಿಯಬೇಕೆಂದರೆ ವರ್ಷಕ್ಕೆ 2,40,000. ಎರಡೂ ಸೇರಿ 3,66,000.

ಮೂರು ಬ್ಯಾಚಿಗೆ ಮೂವತ್ತಾರು ಮಕ್ಕಳು ಎಂದು ಭಾಗಿಸಿದರೆ ಫೀಸು ತಿಂಗಳಿಗೆ ಸಾವಿರ ಚಿಲ್ಲರೆ ಬರುತ್ತದೆ. ಹಾಗೆ ಭಾಗಿಸಬಾರದು. ಮೊದಲ ವರ್ಷ ಬ್ಯಾಚಿಗೆ ಒಂಬತ್ತು ಮಕ್ಕಳೆಂದು, ಅಂದರೆ ಇಪ್ಪತ್ತೇಳೆಂದು ಲೆಕ್ಕ ಹಿಡಿಯಿರಿ. ಅದರಲ್ಲೂ ನೂರಕ್ಕೆ ಹತ್ತರಷ್ಟು ಕೈಗೆ ಬರುವುದಿಲ್ಲ. ಅಣ್ಣತಂಗಿ ಒಟ್ಟಿಗೆ ಬಂದರೆ ರಿಯಾಯಿತಿ, ಕಷ್ಟದಲ್ಲಿರುವ ಒಂದೆರಡು ಮಕ್ಕಳಿಗೆ ಉಚಿತ, ಬಾಕಿ ಉಳಿಸಿಕೊಂಡು ಬಿಟ್ಟುಹೋಗುವವರು. 27 ಮಕ್ಕಳು, ಹತ್ತು ತಿಂಗಳು, ಅದರಲ್ಲಿ ತೊಂಬತ್ತು ಭಾಗ: 243 ಕಂತುಗಳು. 3,66,000ವನ್ನು ಅದರಿಂದ ಭಾಗಿಸಿದರೆ 1,500 ರೂಪಾಯಿ ಆಸುಪಾಸು. ಎಂಟನೆಯವರಿಗೆ 1,300, ಒಂಬತ್ತಕ್ಕೆ 1,500, ಹತ್ತಕ್ಕೆ 1,700 ಎಂದು ಹಂಚಿದರೂ ಸರಾಸರಿ ಅದೇ.

ಊರಿನಲ್ಲಿ ನಡೆಯುತ್ತಿರುವುದು ಸಾವಿರ ರೂಪಾಯಿಯಾದರೆ? ಆಗ ಕೈ ಮೊದಲು ಹೋಗುವುದು ಬ್ಯಾಚಿನ ಸಂಖ್ಯೆಯ ಮೇಲೆ. ಅದನ್ನು ಮುಟ್ಟುವ ಮೊದಲು ಬಾಡಿಗೆಯನ್ನು ನೋಡಿ. ಮನೆಯ ಹೊರಗಿನ ಕೋಣೆಯಲ್ಲೇ ಶುರುಮಾಡಿದರೆ 72,000 ಉಳಿದು, ಫೀಸು ಸುಮಾರು 1,200ಕ್ಕೆ ಇಳಿಯುತ್ತದೆ. ಸಾವಿರಕ್ಕೂ ಇದಕ್ಕೂ ಇರುವ ಇನ್ನೂರರ ಅಂತರಕ್ಕೆ, ಹನ್ನೆರಡಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ ಎಂಬ ಮಾತನ್ನು ತಂದೆತಾಯಿಯ ಮುಂದೆ ಇಡಬಹುದು. ಅವರು ಬಂದು ಬೆಂಚು ಎಣಿಸಿ ನೋಡಬಹುದಾದ ಮಾತು ಅದು.

ಫೀಸು ತೆಗೆದುಕೊಳ್ಳುವ ರೀತಿಯೂ ಊರಿಗೆ ಹೊಂದಬೇಕು. ಸಂಬಳದವರಿಗೆ ತಿಂಗಳ ಹತ್ತನೇ ತಾರೀಕಿನೊಳಗೆ ಎಂದರೆ ಸಲೀಸು. ತೆಂಗಿನ ತೋಟದವರಿಗೆ ಕೊಬ್ಬರಿ ಮಾರಿದಾಗ ಕೈಯಲ್ಲಿ ದುಡ್ಡು. ಅವರಿಗೆ ಮೂರು ತಿಂಗಳಿಗೊಮ್ಮೆ ಎಂದು ಬಿಡಿ. ವರ್ಷದ್ದೆಲ್ಲ ಒಮ್ಮೆಗೇ ಕಟ್ಟಿಸಿಕೊಂಡರೆ ನಡುವೆ ಬಿಟ್ಟವರ ಜೊತೆ ವಾಗ್ವಾದ ಖಂಡಿತ. ಮುಂಗಡ ತೆಗೆದುಕೊಂಡಿದ್ದರೆ, ಬಿಟ್ಟ ದಿನದಿಂದ ಮುಂದಿನ ಅವಧಿಯ ಹಣವನ್ನು ಹತ್ತು ದಿನದೊಳಗೆ ಹಿಂದಿರುಗಿಸಿ ಎನ್ನುತ್ತದೆ ಆ 2024ರ ಮಾರ್ಗಸೂಚಿ. ಚಿಕ್ಕ ಕೇಂದ್ರಕ್ಕೂ ಅದು ಒಳ್ಳೆಯ ನಿಯಮವೇ. ಹತ್ತನೇ ತರಗತಿಯವರ ಕೊನೆಯ ಕಂತನ್ನು ಮಾತ್ರ ಸೇರುವಾಗಲೇ ತೆಗೆದುಕೊಳ್ಳುವುದು ಲೇಸು. ಮಾರ್ಚ್‌ನಲ್ಲಿ ಪರೀಕ್ಷೆ ಬಂದಮೇಲೆ ಕೇಳಲು ಮಕ್ಕಳೂ ಇರುವುದಿಲ್ಲ, ಕೇಳುವ ಮನಸ್ಸೂ ಇರುವುದಿಲ್ಲ. ಫೋನ್‌ಪೇಯಲ್ಲಿ ಬಂದರೂ ಕೈಯಲ್ಲಿ ಬಂದರೂ ರಶೀದಿ ಕೊಡಿ. ಬಾಕಿಯ ಮಾತನ್ನು ತಂದೆತಾಯಿಗೇ ಹೇಳಿ. ಬ್ಯಾಚಿನ ಮುಂದೆ ಮಗುವಿಗೆ ಹೇಳಿ ಕಳಿಸಬೇಡಿ.

ಕಾನೂನಿನ ಮಾತನ್ನೂ ಇಲ್ಲೇ ಮುಗಿಸೋಣ. ಶಾಲೆಯಲ್ಲಿ ಶಿಕ್ಷಕರಾಗಿರುವವರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್. ಮೇಲೆ ಹೇಳಿದ ಕೇಂದ್ರದ ಮಾರ್ಗಸೂಚಿ ಕೋಚಿಂಗ್ ಕೇಂದ್ರ ಎಂದು ಕರೆಯುವುದು ಐವತ್ತಕ್ಕಿಂತ ಹೆಚ್ಚು ಮಕ್ಕಳಿರುವುದನ್ನು. ಅಂಥ ಕಡೆ ಹದಿನಾರು ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದೆಂದೂ ಅದರಲ್ಲಿದೆ. ಮೂವತ್ತಾರಕ್ಕೆ ನಿಲ್ಲುವ ಕೇಂದ್ರ ಆ ಗೆರೆಯ ಈಚೆಗಿದೆ. ಟ್ಯೂಟೋರಿಯಲ್‌ಗಳ ನೋಂದಣಿಗೆ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲೂ ಅವಕಾಶವಿರುವುದರಿಂದ, ಆರಂಭಿಸುವ ಮೊದಲು ಬಿಇಒ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಜಿಎಸ್‌ಟಿ ನೋಂದಣಿ ವರ್ಷಕ್ಕೆ 20 ಲಕ್ಷ ವಹಿವಾಟು ದಾಟಿದಮೇಲಿನ ಮಾತು; ನಾಲ್ಕು ಲಕ್ಷದ ಕೇಂದ್ರಕ್ಕೆ ಅದು ದೂರ.

ತಂದೆತಾಯಿ: ಅಂಕಕ್ಕಿಂತ ಮೊದಲು ಸುದ್ದಿ

ಮಗುವನ್ನು ಸೇರಿಸಲು ಬಂದವರ ಕೈಗೆ ಒಂದು ಪುಟದ ಕಾಗದ ಕೊಡಿ. ಸಮಯ, ಫೀಸು ಮತ್ತು ಕೊಡುವ ತಾರೀಕು, ದಸರಾ ರಜೆಯಲ್ಲಿ ತರಗತಿ ಇದೆಯೋ ಇಲ್ಲವೋ, ಮಗು ಬಾರದ ದಿನಗಳಿಗೆ ಫೀಸು ಕಡಿತವಿಲ್ಲ ಎಂಬುದು, ಫೋನು ಮಾಡಬಹುದಾದ ಹೊತ್ತು. ಕೊನೆಯಲ್ಲಿ ಒಂದು ಸಾಲು: ಇಷ್ಟೇ ಅಂಕ ಬರುತ್ತದೆಂದು ನಾವು ಮಾತು ಕೊಡುವುದಿಲ್ಲ. ಇವನ್ನೆಲ್ಲ ಬಾಯಲ್ಲಿ ಹೇಳಿದರೆ ಡಿಸೆಂಬರ್ ಹೊತ್ತಿಗೆ ಒಬ್ಬೊಬ್ಬರ ನೆನಪಿನಲ್ಲಿ ಒಂದೊಂದು ಥರ ಇರುತ್ತದೆ.

ವಾಟ್ಸ್ಆ್ಯಪ್ ಗುಂಪು ಇರಲಿ, ಆದರೆ ಅಡ್ಮಿನ್ ಮಾತ್ರ ಬರೆಯುವಂತೆ ಮಾಡಿಡಿ. ನಾಳೆ ರಜೆ, ಸೋಮವಾರ ಟೆಸ್ಟು, ಇಷ್ಟಕ್ಕೆ ಮಾತ್ರ ಅದು. ಅಂಕ, ಫೀಸು, ನಡತೆ ಇವು ಮೂರೂ ಆಯಾ ಮನೆಗೆ ಪ್ರತ್ಯೇಕವಾಗಿ ಹೋಗಬೇಕು. ತರಗತಿ ಶುರುವಾಗಿ ಹತ್ತು ನಿಮಿಷದೊಳಗೆ ಮಗು ಬಾರದಿದ್ದರೆ ‘ಇನ್ನೂ ಬಂದಿಲ್ಲ’ ಎಂಬ ಸಂದೇಶ ಹೋಗಲೇಬೇಕು. ಮನೆಯಿಂದ ಹೊರಟ ಮಗು ತಲುಪಿಲ್ಲವೆಂದರೆ ಅದು ಹಾಜರಿಯ ವಿಷಯವಾಗಿ ಉಳಿಯುವುದಿಲ್ಲ. ಬ್ಯಾಚಿನಲ್ಲಿ ಹನ್ನೆರಡೇ ಜನ ಇದ್ದರೆ ಇದಕ್ಕೆ ಒಂದು ನಿಮಿಷ ಸಾಕು.

ತಿಂಗಳಿಗೊಮ್ಮೆ ಪ್ರತಿ ಮನೆಗೆ ಮೂರು ಸಾಲು ಬರೆಯಿರಿ: ಹಾಜರಿ, ಬರುತ್ತಿರುವ ಒಂದು ವಿಷಯ, ಸಿಕ್ಕಿಕೊಂಡಿರುವ ಒಂದು ವಿಷಯ. ಉದಾಹರಣೆಗೆ, ‘20 ತರಗತಿಗಳಲ್ಲಿ 17ಕ್ಕೆ ಬಂದಿದ್ದಾಳೆ. ವರ್ಗ ಸಮೀಕರಣವನ್ನು ಅಪವರ್ತಿಸಿ ಬಿಡಿಸಲು ಚೆನ್ನಾಗಿ ಬರುತ್ತಿದೆ. ಸೂತ್ರ ಬಳಸುವಾಗ ಋಣ ಚಿಹ್ನೆ ತಪ್ಪುತ್ತಿದೆ, ದಿನಾ ಎರಡು ಲೆಕ್ಕ ಮನೆಯಲ್ಲಿ ಮಾಡಿಸಿ.’ ಓದಲು ಕಷ್ಟಪಡುವವರಿಗೆ ಇದನ್ನೇ ವಾಯ್ಸ್ ಮೆಸೇಜು ಮಾಡಿ ಕಳಿಸಿ. ‘ಪರವಾಗಿಲ್ಲ, ಇನ್ನೂ ಸ್ವಲ್ಪ ಗಮನ ಕೊಡಬೇಕು’ ಎಂಬ ಮಾತಿಗೆ ಬೆಲೆಯಿಲ್ಲ. ಎಲ್ಲ ಮಕ್ಕಳಿಗೂ ಅದೇ ಅನ್ವಯಿಸುತ್ತದೆಂದು ಕೇಳುವವರಿಗೂ ಗೊತ್ತು. ಸಿಕ್ಕಿಕೊಂಡಿರುವ ಆ ಒಂದು ವಿಷಯವನ್ನು ಬರೆಯಲು ಪೆನ್ನು ತಡವರಿಸಿದರೆ ಆ ನೋಟ್‌ಬುಕ್ಕನ್ನು ನೀವು ಸರಿಯಾಗಿ ನೋಡಿಲ್ಲ.

ಆಗಸ್ಟ್ ಕಳೆದಮೇಲೆ ಎಲ್ಲ ಕೇಂದ್ರಕ್ಕೂ ಒಂದು ಫೋನು ಬರುತ್ತದೆ. ‘ಏನ್ ಮಿಸ್, ಮೂರು ತಿಂಗಳಾಯ್ತು, ಸ್ಕೂಲ್ ಟೆಸ್ಟಲ್ಲಿ ಮಾರ್ಕ್ಸೇ ಬಂದಿಲ್ವಲ್ಲ.’ ಫೋನಿನಲ್ಲಿ ಸಮಜಾಯಿಷಿ ಕೊಡಲು ಹೋಗದೆ, ‘ಶನಿವಾರ ಒಂದ್ಹತ್ತು ನಿಮಿಷ ಬನ್ನಿ ಅಮ್ಮ, ಅವನ ಪೇಪರ್ ತೋರಿಸ್ತೀನಿ’ ಎನ್ನಿ. ಬಂದಾಗ ಜೂನ್‌ನ ಆ ಇಪ್ಪತ್ತು ನಿಮಿಷದ ಪರೀಕ್ಷೆಯನ್ನೂ ಶಾಲೆಯ ಈಗಿನ ಉತ್ತರಪತ್ರಿಕೆಯನ್ನೂ ಪಕ್ಕಪಕ್ಕ ಇಡಿ. ಆಗ ಭಿನ್ನರಾಶಿ ಕೂಡಿಸಲು ಬರುತ್ತಿರಲಿಲ್ಲ, ಈಗ ಅದು ಬರುತ್ತಿದೆ, ಅಂಕ ಹೋಗಿರುವುದು ಎರಡನೆಯ ಹಂತದಲ್ಲಿ ಎಂದು ಬೆರಳಿಟ್ಟು ತೋರಿಸಿ. ತೋರಿಸಲು ಏನೂ ಇಲ್ಲದಿದ್ದರೆ ಆ ತಾಯಿಯ ಮಾತು ಸರಿ, ಅದನ್ನು ಒಪ್ಪಿಕೊಂಡು ಶನಿವಾರದ ಹೆಚ್ಚುವರಿ ತರಗತಿಗೆ ಕೂರಿಸಿಕೊಳ್ಳಿ. ‘ಅವರ ಮಗಳಿಗೆ ಎಷ್ಟು ಬಂತು?’ ಎಂದರೆ ‘ಬೇರೆ ಮಕ್ಕಳದ್ದು ಹೇಳಲ್ಲ, ನಿಮ್ಮವನದ್ದನ್ನೂ ಅವರಿಗೆ ಹೇಳಿಲ್ಲ’ ಎಂದರಾಯಿತು. ಶಾಲೆಯ ಮೇಷ್ಟ್ರು ಸರಿಯಾಗಿ ಹೇಳಿಕೊಡುವುದಿಲ್ಲ ಎಂಬ ಮಾತಿಗಂತೂ ದನಿಗೂಡಿಸಬೇಡಿ. ಮಾರನೆಯ ದಿನ ಅದು ನಿಮ್ಮ ಹೆಸರಿನಲ್ಲೇ ಶಾಲೆ ತಲುಪಿರುತ್ತದೆ, ಆ ತರಗತಿಯಲ್ಲಿ ಕೂರಬೇಕಾದದ್ದು ಮಗು.

ಇಷ್ಟೆಲ್ಲ ಸರಿಯಾಗಿ ನಡೆದರೆ ಎರಡನೆಯ ವರ್ಷ ಹದಿಮೂರನೆಯ ಮಗುವನ್ನು ಕರೆದುಕೊಂಡು ಯಾರೋ ಬರುತ್ತಾರೆ. ಪರಿಚಯದವರೇ ಆಗಿರುತ್ತಾರೆ. ‘ಒಂದು ಮಗು ಹೆಚ್ಚಾದರೆ ಏನಾಗುತ್ತೆ?’ ಎನ್ನುತ್ತಾರೆ. ಒಂದರಿಂದ ಏನೂ ಆಗುವುದಿಲ್ಲ ಎಂಬುದೇ ತೊಡಕು. ಒಬ್ಬೊಬ್ಬರ ಪಾಲಿನಿಂದ ಹದಿಮೂರು ಹದಿನಾಲ್ಕು ಸೆಕೆಂಡು ಕಡಿಮೆಯಾಗುತ್ತದೆ ಅಷ್ಟೆ, ತಿಂಗಳಿಗೆ 1,500 ಹೆಚ್ಚು ಬರುತ್ತದೆ. ಹದಿನಾಲ್ಕನೆಯದಕ್ಕೂ ಇದೇ ವಾದ ನಿಲ್ಲುತ್ತದೆ, ಹತ್ತೊಂಬತ್ತನೆಯದಕ್ಕೂ. ಮಗುವಿನ ಹೆಸರನ್ನು ಕಾಯುವ ಪಟ್ಟಿಯಲ್ಲಿ ಬರೆದುಕೊಳ್ಳಿ. ಶಾಲೆಯ ಮೊದಲ ದೊಡ್ಡ ಪರೀಕ್ಷೆ ಮುಗಿದಮೇಲೆ ಒಂದೆರಡು ಜಾಗ ಖಾಲಿಯಾಗುವುದುಂಟು. ಪಟ್ಟಿಯಲ್ಲಿ ಆರು ಹೆಸರು ಕೂಡಿದರೆ ಬೇರೆ ಹೊತ್ತಿಗೆ ನಾಲ್ಕನೆಯ ಬ್ಯಾಚು ಶುರುಮಾಡಬಹುದು. ಅದಕ್ಕೂ ಹೊತ್ತಿಲ್ಲವೆಂದರೆ ಮುಂದಿನ ಜೂನ್‌ಗೆ ಫೀಸು ನೂರು ರೂಪಾಯಿ ಏರಿಸಿ. ಏಳನೆಯ ಬೆಂಚು ಮಾತ್ರ ತರಿಸಬೇಡಿ.